ಕ್ಲೈಂಟ್ ಲೆಕ್ಕ ಬಿಚ್ಚಿಡದೆ ಕ್ಯಾಂಪೇನ್ ವರದಿ ತೋರಿಸುವುದು ಹೇಗೆ? ನಂಬುವಂಥ ಮಾದರಿ ಅಂಕಿಗಳನ್ನು ಕಟ್ಟುವ ಕ್ರಮ

ಮಾರ್ಕೆಟಿಂಗ್ ಕೆಲಸದಲ್ಲಿರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಇಂಟರ್‌ವ್ಯೂನಲ್ಲಿ ನಾನು ಮಾಡಿದ ಕ್ಯಾಂಪೇನ್ ತೋರಿಸಿ ಅಂತಾರೆ. ಕ್ಲೈಂಟ್ ಅಂಕಿ ಹೊರಗೆ ಕೊಡಬಾರದು ಅಂತ ಸಹಿ ಹಾಕಿದ್ದೀನಿ. ಏನು ತೋರಿಸೋದು?" ಹೊಸ ಕ್ಲೈಂಟ್‌ಗೆ ವರದಿಯ ನಮೂನೆ ತೋರಿಸಬೇಕಾದವರದ್ದೂ ಇದೇ ಕಷ್ಟ.

ದಾರಿ ಇದೆ. ಒಂದು ಮಾದರಿ ವರದಿ ಮಾಡಿ, ಅದರ ಮೇಲೆ "ಮಾದರಿ ಅಂಕಿಗಳು" ಎಂದು ಬರೆದು ತೋರಿಸಬಹುದು. ಆದರೆ ಬಹಳ ಜನ ಇದನ್ನು ಸುಮ್ನೆ ಕೂತು ಮನಸ್ಸಿಗೆ ಬಂದ ಅಂಕಿ ಹಾಕಿ ಮಾಡುತ್ತಾರೆ. ಖರ್ಚು ಒಂದು ಲಕ್ಷ, ಕ್ಲಿಕ್ ಹತ್ತು ಸಾವಿರ, ಆರ್ಡರ್ ಸಾವಿರ, ಫಾಲೋವರ್ಸ್ ಡಬಲ್. ಈ ಕೆಲಸ ದಿನಾ ಮಾಡುವವರು ಒಮ್ಮೆ ಕಣ್ಣಾಡಿಸಿದರೆ ಸಾಕು, ಇದು ಕೈಯಲ್ಲಿ ಬರೆದದ್ದು ಅಂತ ಗೊತ್ತಾಗುತ್ತೆ. ನಿಜವಾದ ಕ್ಯಾಂಪೇನಿನ ಅಂಕಿಗಳು ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಒಂದನ್ನು ಎಳೆದರೆ ಉಳಿದವೂ ಅಲುಗಾಡುತ್ತವೆ. ಹಾಗಾಗಿ ನಾಲ್ಕೈದು ಊಹೆಗಳನ್ನು ಮಾತ್ರ ನೀವು ಕೈಯಿಂದ ಬರೆಯಿರಿ, ಮಿಕ್ಕಿದ್ದೆಲ್ಲ ಲೆಕ್ಕದಿಂದಲೇ ಹುಟ್ಟಲಿ. ಈ ಲೇಖನದ ಕ್ರಮ ಅಷ್ಟೇ.

ಶುರು ಮಾಡುವ ಮುಂಚೆ ಎರಡು ಎಚ್ಚರಿಕೆ

ಮಾದರಿ ಅಂಕಿ ಎಂದರೆ ಸುಳ್ಳು ಸಾಧನೆ ಅಲ್ಲ. "ನಾನು ಇಷ್ಟು ಮಾರಾಟ ಮಾಡಿಸಿದೆ" ಎಂದು ಇದನ್ನು ಬಯೋಡೇಟಾದಲ್ಲಿ ಹಾಕಬೇಡಿ. ಪ್ರತಿ ಪುಟದ ತಲೆಯಲ್ಲೂ "ಮಾದರಿ ಅಂಕಿಗಳು, ಯಾವ ಗ್ರಾಹಕ ಸಂಸ್ಥೆಯದ್ದೂ ಅಲ್ಲ" ಎಂದು ಇರಲಿ. ಮೊದಲ ಪುಟದಲ್ಲಿ ಒಮ್ಮೆ ಹೇಳಿದರೆ ಸಾಲದು, ಯಾಕೆಂದರೆ ಜನ ಒಂದೇ ಪುಟದ ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ.

ಎರಡನೆಯದು: ಹಳೇ ಕ್ಲೈಂಟ್‌ನ ಅಂಕಿಗಳನ್ನೆಲ್ಲ 1.3ರಿಂದ ಗುಣಿಸಿ "ಬದಲಾಯಿಸಿದ್ದೀನಿ" ಅನ್ನಬೇಡಿ. ಹಾಗೆ ಗುಣಿಸಿದಾಗ ಖರ್ಚೂ ಕ್ಲಿಕ್ಕೂ ಆರ್ಡರೂ ಒಟ್ಟಿಗೇ ಏರುತ್ತವೆ, ಆದರೆ ಒಂದು ಕ್ಲಿಕ್ಕಿಗೆ ಎಷ್ಟು, ಒಂದು ಆರ್ಡರಿಗೆ ಎಷ್ಟು ಎಂಬುದು ಒಂದು ಪೈಸೆಯೂ ಬದಲಾಗುವುದಿಲ್ಲ. ಪ್ರತಿಸ್ಪರ್ಧಿಗೆ ಬೇಕಾದ ಗುಟ್ಟು ಇರುವುದೇ ಅಲ್ಲಿ. ನೀವು ಮುಚ್ಚಿದ್ದು ಬಾಗಿಲು, ಕಿಟಕಿ ತೆರೆದೇ ಇದೆ.

ಏನೇನು ಬೇಕು

ಒಂದು ಸ್ಪ್ರೆಡ್‌ಶೀಟ್ (ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್), ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವ್ಯಾಪಾರ, ಮತ್ತು ಅರ್ಧ ದಿನದ ಸಮಯ. ವ್ಯಾಪಾರ ಗೊತ್ತಿರಬೇಕು ಅಂದದ್ದು ಯಾಕೆಂದರೆ, ಮುಂದೆ ಬರುವ ಪ್ರಶ್ನೆಗಳೆಲ್ಲ ಅದರ ಬಗ್ಗೆಯೇ.

ಇಲ್ಲಿ ನಾನು ಹಿಡಿದಿರುವ ಉದಾಹರಣೆ ತುಮಕೂರಿನ ಒಂದು ಗಾಣದ ಎಣ್ಣೆ ಅಂಗಡಿ. ಅಂಗಡಿಯೂ ಅಂಕಿಗಳೂ ಕಲ್ಪಿತ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಎಳ್ಳೆಣ್ಣೆಯನ್ನು ತಮ್ಮ ವೆಬ್‌ಸೈಟ್ ಮೂಲಕ ಬೆಂಗಳೂರು, ಮೈಸೂರಿನ ಮನೆಗಳಿಗೆ ಕಳಿಸುತ್ತಾರೆ. ಕ್ಯಾಂಪೇನ್ ದೀಪಾವಳಿಗೆ: 2025ರ ಸೆಪ್ಟೆಂಬರ್ 29ರಿಂದ ಅಕ್ಟೋಬರ್ 26, ಸರಿಯಾಗಿ ನಾಲ್ಕು ವಾರ. ನರಕ ಚತುರ್ದಶಿಗೆ ಎಣ್ಣೆ ಸ್ನಾನ, ಹಬ್ಬಕ್ಕೆ ಕರಿಯುವ ತಿಂಡಿ. ಎಣ್ಣೆ ಮಾರೋಕೆ ಇದಕ್ಕಿಂತ ಒಳ್ಳೇ ಕಾಲ ಇಲ್ಲ ಅಲ್ವಾ?

ಹಂತ 1: ಬಜೆಟ್ ಮತ್ತು ನಿಜವಾದ ಖರ್ಚು ಬೇರೆ ಬೇರೆ ಇಡಿ

ಬಜೆಟ್ ಎಂದರೆ ಮೊದಲೇ ಕೂತು ತೀರ್ಮಾನಿಸಿದ್ದು. ಅದು ದುಂಡು ಅಂಕಿಯಲ್ಲೇ ಇರಬೇಕು. ನಮ್ಮ ಅಂಗಡಿಯ ಬಜೆಟ್ ₹1,20,000. ಇನ್‌ಸ್ಟಾಗ್ರಾಂ-ಫೇಸ್‌ಬುಕ್ ಜಾಹೀರಾತಿಗೆ ₹60,000, ಗೂಗಲ್ ಸರ್ಚ್‌ಗೆ ₹32,000, ಅಡುಗೆ ವಿಡಿಯೊ ಮಾಡುವ ಇಬ್ಬರು ಕ್ರಿಯೇಟರ್‌ಗಳಿಗೆ ₹20,000, ವಾಟ್ಸಾಪ್ ಸಂದೇಶಗಳಿಗೆ ₹8,000.

ಖರ್ಚಾಗಿದ್ದು ಬೇರೆ. ಇನ್‌ಸ್ಟಾ-ಫೇಸ್‌ಬುಕ್ ₹57,830. ಗೂಗಲ್ ₹31,460. ವಾಟ್ಸಾಪ್ ₹4,799. ಕ್ರಿಯೇಟರ್‌ಗಳಿಗೆ ಮಾತ್ರ ಸರಿಯಾಗಿ ₹20,000, ಯಾಕೆಂದರೆ ಅದು ಮಾತಾಡಿ ಒಪ್ಪಿದ ಹಣ. ಒಟ್ಟು ₹1,14,089. ಉಳಿದದ್ದು ₹5,911.

ಗಮನಿಸಿ, ಮನುಷ್ಯರು ಮಾತಾಡಿ ನಿಗದಿ ಮಾಡಿದ ಕಡೆ ದುಂಡು ಅಂಕಿ, ಯಂತ್ರದ ಹರಾಜಿನಲ್ಲಿ ಖರ್ಚಾದ ಕಡೆ ಚಿಲ್ಲರೆ ಅಂಕಿ. ಎಲ್ಲ ಕಡೆ ಚಿಲ್ಲರೆ ಹಾಕುವುದೂ ತಪ್ಪೇ. ಕ್ರಿಯೇಟರ್‌ಗೆ ₹9,873 ಕೊಟ್ಟೆವು ಅಂದರೆ ಯಾರು ನಂಬುತ್ತಾರೆ?

ಇಲ್ಲಿ ಬಹಳ ಜನ ಮರೆಯುವುದು ಜಿಎಸ್‌ಟಿ. ಆನ್‌ಲೈನ್ ಜಾಹೀರಾತಿನ ಬಿಲ್ಲಿನ ಮೇಲೆ ಶೇ 18 ಬೀಳುತ್ತದೆ. ₹57,830 ಮತ್ತು ₹31,460 ಸೇರಿ ₹89,290; ಅದರ ಮೇಲೆ ತೆರಿಗೆ ₹16,072. ಅಂದರೆ ಅಂಗಡಿಯ ಖಾತೆಯಿಂದ ಹೋದದ್ದು ಡ್ಯಾಶ್‌ಬೋರ್ಡ್ ತೋರಿಸಿದ್ದಕ್ಕಿಂತ ಜಾಸ್ತಿ. ಜಿಎಸ್‌ಟಿ ನೋಂದಣಿ ಇರುವ ಅಂಗಡಿ ಇದನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಹಾಗಾಗಿ ಖರ್ಚಿನಲ್ಲಿ ಸೇರಿಸಬೇಡಿ. ಆದರೆ ಕೆಳಗೆ ಒಂದು ಸಾಲು ಬರೆಯಿರಿ: "ಖರ್ಚು ಜಿಎಸ್‌ಟಿ ಬಿಟ್ಟು, ಜಿಎಸ್‌ಟಿ ₹16,072." ಈ ಒಂದು ಸಾಲು ನೋಡಿದರೆ ಸಾಕು, ನೀವು ಬಿಲ್ ಕಂಡವರು ಅಂತ ಎದುರಿಗಿರುವವರಿಗೆ ಗೊತ್ತಾಗುತ್ತದೆ.

ಹಂತ 2: ನಾಲ್ಕು ಊಹೆ ಬರೆದು, ಮಿಕ್ಕಿದ್ದನ್ನು ಸೂತ್ರಕ್ಕೆ ಬಿಡಿ

ಇನ್‌ಸ್ಟಾ-ಫೇಸ್‌ಬುಕ್ ಜಾಹೀರಾತಿಗೆ ಬೇಕಾದ ಊಹೆಗಳು ನಾಲ್ಕೇ.

ಒಂದು, ಸಿಪಿಎಂ. ಜಾಹೀರಾತು ಸಾವಿರ ಸಲ ಕಾಣಿಸಲು ತಗಲುವ ಹಣ. ₹140 ಎಂದಿಟ್ಟುಕೊಳ್ಳೋಣ. ಎರಡು, ಒಟ್ಟು ಖರ್ಚು. ಮೂರು, ಸಿಟಿಆರ್. ಕಾಣಿಸಿದ ನೂರು ಸಲದಲ್ಲಿ ಎಷ್ಟು ಸಲ ಲಿಂಕ್ ಒತ್ತಿದರು ಎಂಬುದು. ಶೇ 1.1 ಇಡೋಣ. ನಾಲ್ಕು, ಒತ್ತಿ ಬಂದವರಲ್ಲಿ ಎಷ್ಟು ಜನ ಕೊಂಡರು ಎಂಬ ಆರ್ಡರ್ ದರ. ಶೇ 2.1.

ಈ ಊಹೆಗಳು ಎಲ್ಲಿಂದ ಬರಬೇಕು? ಗೂಗಲ್‌ನ ಕೀವರ್ಡ್ ಪ್ಲ್ಯಾನರ್‌ನಲ್ಲಿ ನಿಮ್ಮ ಪದ ಹಾಕಿದರೆ ಪುಟದ ಮೇಲ್ಭಾಗದಲ್ಲಿ ಕಾಣಿಸಲು ಬೀಳುವ ಬಿಡ್ ಎಷ್ಟರಿಂದ ಎಷ್ಟು ಅಂತ ತೋರಿಸುತ್ತದೆ. ಮೆಟಾದ ಜಾಹೀರಾತು ತಯಾರಿಸುವ ಪರದೆಯಲ್ಲಿ ಬಜೆಟ್ ಹಾಕಿದರೆ ದಿನಕ್ಕೆ ಅಂದಾಜು ಎಷ್ಟು ಜನರನ್ನು ಮುಟ್ಟುತ್ತದೆ ಎಂಬುದು ಬರುತ್ತದೆ. ಜಾಹೀರಾತು ಪ್ರಕಟಿಸದೆ ಇಷ್ಟನ್ನು ನೋಡಬಹುದು. ಇದರ ಜೊತೆಗೆ ನಿಮ್ಮ ಅನುಭವ ಸೇರಿಸಿ. ಅನುಭವವನ್ನು ಮಿತಿಯಾಗಿ ಮಾತ್ರ ಬಳಸಿ: "ನಮ್ಮ ಕಡೆ ಇದು ಹತ್ತರಿಂದ ಹದಿನೈದರ ಒಳಗೆ ಇರುತ್ತೆ" ಅನ್ನುವಷ್ಟು.

ಈಗ ಶೀಟ್. `B1`ರಲ್ಲಿ ಸಿಪಿಎಂ, `B2`ರಲ್ಲಿ ಖರ್ಚು, `B3`ರಲ್ಲಿ ಸಿಟಿಆರ್ `1.1%`, `B4`ರಲ್ಲಿ ಆರ್ಡರ್ ದರ `2.1%`, ಶೇಕಡಾ ಗುರುತು ಬಿಡದೆ. 5ನೇ ಸಾಲು ತಲೆಬರಹ. 6ರಿಂದ 33ನೇ ಸಾಲಿನವರೆಗೆ 28 ದಿನ. `A`ಯಲ್ಲಿ ತಾರೀಖು, `B`ಯಲ್ಲಿ ಆ ದಿನದ ತೂಕ. ಸಾಮಾನ್ಯ ದಿನಕ್ಕೆ 1, ಹಬ್ಬದ ಹಿಂದಿನ ವಾರಕ್ಕೆ 1.5, ಹಬ್ಬದ ದಿನಕ್ಕೆ 0.5, ಹೀಗೆ. ಆಮೇಲೆ `C`ಯಲ್ಲಿ ದಿನದ ಖರ್ಚು, `D`ಯಲ್ಲಿ ಕಾಣಿಸಿದ ಸಲ, `E`ಯಲ್ಲಿ ಕ್ಲಿಕ್, `F`ನಲ್ಲಿ ಆರ್ಡರ್. 6ನೇ ಸಾಲಿನಲ್ಲಿ ಈ ಸೂತ್ರಗಳನ್ನು ಬರೆದು 33ನೇ ಸಾಲಿನವರೆಗೆ ಎಳೆಯಿರಿ:

```
C6: =ROUND($B$2*B6/SUM($B$6:$B$33),0)
D6: =ROUND(C6/$B$1*1000*(0.9+RAND()*0.2),0)
E6: =ROUND(D6*$B$3*(0.85+RAND()*0.3),0)
F6: =CRITBINOM(E6,$B$4,RAND())
```

ಕೊನೆಯ ಸೂತ್ರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ದಿನಕ್ಕೆ ಸುಮಾರು 160 ಕ್ಲಿಕ್, ಆರ್ಡರ್ ದರ ಶೇ 2.1 ಅಂದರೆ ದಿನಕ್ಕೆ ಮೂರು ಚಿಲ್ಲರೆ ಆರ್ಡರ್. ಸುಮ್ನೆ ಗುಣಿಸಿ ದುಂಡು ಮಾಡಿದರೆ ಮೂರು, ಮೂರು, ನಾಲ್ಕು, ಮೂರು ಅಂತ ಸಾಲಾಗಿ ಬರುತ್ತದೆ. ನಿಜವಾದ ಅಂಗಡಿಯಲ್ಲಿ ಹಾಗಾಗುವುದಿಲ್ಲ. ಒಂದು ದಿನ ಏಳು ಬರುತ್ತದೆ, ಮರುದಿನ ಒಂದೂ ಇಲ್ಲ. ಅಂಕಿ ಚಿಕ್ಕದಾದಷ್ಟೂ ಏರಿಳಿತ ಜಾಸ್ತಿ ಕಾಣುತ್ತದೆ. `CRITBINOM` ಮಾಡುವುದು ಅದನ್ನೇ. ಪ್ರತಿ ಕ್ಲಿಕ್ಕಿಗೂ ಒಂದು ಚೀಟಿ ಎತ್ತಿದ ಹಾಗೆ ನೋಡಿ, ಆ ದಿನ ಎಷ್ಟು ಆರ್ಡರ್ ಬಿತ್ತು ಅಂತ ಹೇಳುತ್ತದೆ. ಸೊನ್ನೆ ಬಿದ್ದ ದಿನಗಳನ್ನು ಅಳಿಸಬೇಡಿ.

ಮುಖ್ಯ ಎಚ್ಚರಿಕೆ: `RAND` ಇರುವ ಶೀಟ್‌ನಲ್ಲಿ ನೀವು ಯಾವ ಕೋಶ ತಿದ್ದಿದರೂ `D`ಯಿಂದ `F`ವರೆಗಿನ ಅಂಕಿಗಳೆಲ್ಲ ಬದಲಾಗುತ್ತವೆ. ಎದುರಿಗೆ ಕೂತವರ ಮುಂದೆ ಶೀಟ್ ತೆರೆದು, ನೀವು ಹೇಳುತ್ತಿರುವಾಗಲೇ ಆರ್ಡರ್ 95ರಿಂದ 88ಕ್ಕೆ ಇಳಿದರೆ ಆಟ ಮುಗಿಯಿತು. ಒಮ್ಮೆ ಅಂಕಿ ಬಂದ ಕೂಡಲೇ `C`ಯಿಂದ `F`ವರೆಗೆ ಕಾಪಿ ಮಾಡಿ, ಅದೇ ಜಾಗದಲ್ಲಿ `Ctrl+Shift+V` ಒತ್ತಿ. ಗೂಗಲ್ ಶೀಟ್ಸ್‌ನಲ್ಲಿ ಆಗ ಸೂತ್ರ ಹೋಗಿ ಅಂಕಿ ಮಾತ್ರ ಉಳಿಯುತ್ತದೆ.

ನನ್ನ ಶೀಟ್‌ನಲ್ಲಿ ಹೀಗೆ ನಿಂತಿತು: 4,12,640 ಸಲ ಕಾಣಿಸಿತು, 4,547 ಕ್ಲಿಕ್, 95 ಆರ್ಡರ್. ವರದಿಗೆ ಹೋಗುವುದು ಈ ಮೊತ್ತಗಳು, ಮೊದಲು ಬರೆದ ಊಹೆಗಳಲ್ಲ. ಆಗ ಸಿಪಿಎಂ ₹140 ಅಲ್ಲ, ₹140.15. ಆರ್ಡರ್ ದರ 2.1 ಅಲ್ಲ, 2.09. ಈ ಸಣ್ಣ ಅಂಕುಡೊಂಕು ತಾನಾಗಿ ಬಂದದ್ದು, ನೀವು ಹಾಕಿದ್ದಲ್ಲ.

ಹಂತ 3: ಚಾನಲ್‌ಗಳ ಫಲಿತಾಂಶ ಒಂದೇ ಕಡೆ ತನ್ನಿ

ಚಾನಲ್ ಅಂದರೆ ಗ್ರಾಹಕ ಬಂದ ದಾರಿ. ಇದೇ ಕ್ರಮದಲ್ಲಿ ಗೂಗಲ್ ಸರ್ಚ್‌ಗೂ ಒಂದು ಶೀಟ್ ಮಾಡಿ: 34,970 ಸಲ ಕಾಣಿಸಿ, 2,168 ಕ್ಲಿಕ್, 78 ಆರ್ಡರ್. ಅಲ್ಲಿ ಸಿಟಿಆರ್ ಶೇ 6.2. ಇನ್‌ಸ್ಟಾಗ್ರಾಂಗಿಂತ ಇಷ್ಟು ಜಾಸ್ತಿಯಾ ಅಂತ ಗಾಬರಿ ಬೇಡ. "ಗಾಣದ ಎಣ್ಣೆ" ಅಂತ ಟೈಪ್ ಮಾಡಿದವರು ಎಣ್ಣೆ ಹುಡುಕುತ್ತಲೇ ಬಂದವರು. ಇನ್‌ಸ್ಟಾಗ್ರಾಂನಲ್ಲಿ ಇರುವವರು ಅಕ್ಕನ ಮಗಳ ನಾಮಕರಣದ ಫೋಟೊ ನೋಡುತ್ತಿದ್ದರು. ಎರಡೂ ಚಾನಲ್‌ಗೆ ಒಂದೇ ಸಿಟಿಆರ್ ಹಾಕಿದ ಮಾದರಿ ವರದಿ ಅಲ್ಲೇ ಸಿಕ್ಕಿಬೀಳುತ್ತದೆ.

ಕ್ರಿಯೇಟರ್‌ಗಳ ಆರ್ಡರ್ ಅವರು ಹೇಳಿದ ಕೂಪನ್ ಕೋಡ್‌ನಿಂದ ಎಣಿಸಿದ್ದು. ವಾಟ್ಸಾಪ್‌ನದ್ದು ನಾಲ್ಕು ಸಲ ಕಳಿಸಿದ ಒಟ್ಟು 4,799 ಸಂದೇಶಗಳಿಂದ. ಸಂದೇಶಕ್ಕೆ ಒಂದು ರೂಪಾಯಿ ಎಂದು ಲೆಕ್ಕ ಹಿಡಿದಿದ್ದೇನೆ. ಯಾವ ದಾರಿಯಿಂದ ಬಂದರು ಅಂತ ಗೊತ್ತಾಗದ ಆರ್ಡರ್‌ಗಳಿಗೂ ಒಂದು ಸಾಲು ಬೇಕೇ ಬೇಕು. ಅದಿಲ್ಲದ ವರದಿಯನ್ನು ನಾನಂತೂ ನಂಬುವುದಿಲ್ಲ.

| ಚಾನಲ್ | ಖರ್ಚು (₹) | ಆರ್ಡರ್ | ಮಾರಾಟ (₹) | ಆರ್ಡರಿಗೆ ಖರ್ಚು (₹) | ರೋಆಸ್ |
|---|---|---|---|---|---|
| ಇನ್‌ಸ್ಟಾ-ಫೇಸ್‌ಬುಕ್ | 57,830 | 95 | 99,465 | 609 | 1.72 |
| ಗೂಗಲ್ ಸರ್ಚ್ | 31,460 | 78 | 92,976 | 403 | 2.96 |
| ಕ್ರಿಯೇಟರ್‌ಗಳು | 20,000 | 34 | 32,742 | 588 | 1.64 |
| ವಾಟ್ಸಾಪ್ | 4,799 | 112 | 1,47,616 | 43 | 30.76 |
| ದಾರಿ ಗೊತ್ತಿಲ್ಲ | – | 69 | 77,694 | – | – |
| ಒಟ್ಟು | 1,14,089 | 388 | 4,50,493 | 294 | 3.95 |

ರೋಆಸ್ ಅಂದರೆ ಜಾಹೀರಾತಿಗೆ ಹಾಕಿದ ಒಂದು ರೂಪಾಯಿಗೆ ಎಷ್ಟು ರೂಪಾಯಿ ಮಾರಾಟ ಬಂತು ಎಂಬುದು. ಲಾಭ ಅಲ್ಲ, ಮಾರಾಟ.

ವಾಟ್ಸಾಪ್‌ನ 30.76 ನೋಡಿ ಕೆಲವರು ಇದನ್ನು "ನಂಬುವಂತೆ" ಮಾಡಲು ಕೈಯಿಂದ 8ಕ್ಕೆ ಇಳಿಸುತ್ತಾರೆ. ಬೇಡ. ಅದು ಸರಿಯಾಗಿಯೇ ಇದೆ, ಕಾರಣ ಹೇಳಿದರೆ ಸಾಕು. ಆ ಪಟ್ಟಿಯಲ್ಲಿರುವವರು ಮೊದಲೇ ಎಣ್ಣೆ ಕೊಂಡು ರುಚಿ ನೋಡಿದವರು. ಅವರನ್ನು ತರಲು ಹಿಂದೆ ಮಾಡಿದ ಖರ್ಚು ಈ ಸಾಲಿನಲ್ಲಿ ಇಲ್ಲ.

ಸರಾಸರಿಯಲ್ಲಿ ಒಂದು ಬಲೆ ಇದೆ. ಇನ್‌ಸ್ಟಾದ 1.1, ಗೂಗಲ್‌ನ 6.2 ಕೂಡಿಸಿ ಎರಡರಿಂದ ಭಾಗಿಸಿ "ಸರಾಸರಿ ಸಿಟಿಆರ್ 3.65" ಎಂದು ಬರೆಯುವವರು ಇದ್ದಾರೆ. ಒಟ್ಟು ಕ್ಲಿಕ್ 6,715 ಅನ್ನು ಒಟ್ಟು ಕಾಣಿಸಿದ 4,47,610 ಸಲದಿಂದ ಭಾಗಿಸಿ. ಉತ್ತರ ಶೇ 1.5. ದರಗಳ ಸರಾಸರಿ ಯಾವತ್ತೂ ತೆಗೆಯಬೇಡಿ, ಮೊತ್ತಗಳನ್ನು ಭಾಗಿಸಿ.

ಹಂತ 4: ಪ್ಲಾಟ್‌ಫಾರ್ಮ್ ಹೇಳಿದ್ದು ಮತ್ತು ಅಂಗಡಿ ಪುಸ್ತಕ ಹೇಳಿದ್ದು

ಇಡೀ ವರದಿಯಲ್ಲಿ ನಾನು ಜಾಸ್ತಿ ಹೊತ್ತು ಕಳೆಯುವುದು ಇಲ್ಲಿ.

ಒಬ್ಬ ಗೃಹಿಣಿ ಭಾನುವಾರ ಇನ್‌ಸ್ಟಾಗ್ರಾಂ ಜಾಹೀರಾತು ಒತ್ತಿ ನೋಡಿದರು, ಕೊಳ್ಳಲಿಲ್ಲ. ಬುಧವಾರ ಗೂಗಲ್‌ನಲ್ಲಿ ಅಂಗಡಿ ಹೆಸರು ಹುಡುಕಿ, ಅಲ್ಲಿ ಬಂದ ಜಾಹೀರಾತು ಒತ್ತಿ ಕೊಂಡರು. ಆರ್ಡರ್ ಒಂದೇ. ಆದರೆ ಮೆಟಾ "ಇದು ನನ್ನದು" ಅನ್ನುತ್ತದೆ, ಗೂಗಲ್ ಕೂಡ "ನನ್ನದು" ಅನ್ನುತ್ತದೆ. ಮೆಟಾದಲ್ಲಿ ನೀವೇನೂ ಬದಲಾಯಿಸದಿದ್ದರೆ, ಕ್ಲಿಕ್ ಮಾಡಿದ 7 ದಿನದೊಳಗೆ ಅಥವಾ ಬರೀ ನೋಡಿದ 1 ದಿನದೊಳಗೆ ಆದ ಖರೀದಿ ಅದರ ಲೆಕ್ಕಕ್ಕೆ ಸೇರುತ್ತದೆ. ಗೂಗಲ್ ಆ್ಯಡ್ಸ್‌ನಲ್ಲಿ ಕ್ಲಿಕ್ ಆದ ಮೇಲೆ ಮಾಮೂಲಾಗಿ 30 ದಿನ. ಹೀಗೆ ಯಾವ ಖರೀದಿ ಯಾರ ಲೆಕ್ಕಕ್ಕೆ ಅಂತ ಹಂಚುವುದಕ್ಕೆ ಅಟ್ರಿಬ್ಯೂಷನ್ ಎನ್ನುತ್ತಾರೆ.

ನಮ್ಮ ಮಾದರಿಯಲ್ಲಿ ಮೆಟಾ ಡ್ಯಾಶ್‌ಬೋರ್ಡ್ 141 ಆರ್ಡರ್ ಹೇಳುತ್ತದೆ, ಗೂಗಲ್ 99. ಒಟ್ಟು 240. ಅಂಗಡಿಯ ಆರ್ಡರ್ ಪುಸ್ತಕದಲ್ಲಿ ಕೊನೆಯ ಕ್ಲಿಕ್ ನೋಡಿ ಹಂಚಿದಾಗ ಇವೆರಡಕ್ಕೂ ಸೇರಿ ಸಿಕ್ಕಿದ್ದು 173. ಮಧ್ಯೆ 67ರ ಅಂತರ. ಪ್ಲಾಟ್‌ಫಾರ್ಮ್ ಅಂಕಿಗಳನ್ನೇ ಕೂಡಿಸಿ ವರದಿ ಮಾಡಿದ್ದರೆ 455 ಆರ್ಡರ್ ಅಂತ ತೋರಿಸುತ್ತಿದ್ದೆವು. ಅಂಗಡಿ ಪುಸ್ತಕದಲ್ಲಿ ನಿಜವಾಗಿ ಇರುವ ಆರ್ಡರ್ 388.

ಈ ಅಂತರವನ್ನು ಮುಚ್ಚಬೇಡಿ. ಎರಡು ಕಾಲಂ ಪಕ್ಕಪಕ್ಕ ಇಟ್ಟು ತೋರಿಸಿ, ಕೆಳಗೆ "ನಿರ್ಧಾರಗಳಿಗೆ ಬಳಸಿದ್ದು ಅಂಗಡಿ ಪುಸ್ತಕ" ಎಂದು ಬರೆಯಿರಿ. ಹಾಗಂತ ಪ್ಲಾಟ್‌ಫಾರ್ಮ್ ಸುಳ್ಳು ಹೇಳುತ್ತಿದೆ ಅಂತಲೂ ಅಲ್ಲ. ಕೊನೆಯ ಕ್ಲಿಕ್ ನೋಡುವ ಪದ್ಧತಿ ಭಾನುವಾರದ ಜಾಹೀರಾತಿಗೆ ಸೊನ್ನೆ ಕೊಡುತ್ತದೆ, ಅದೂ ಪೂರ್ತಿ ನ್ಯಾಯ ಅಲ್ಲ. ನಿಜ ಎರಡರ ಮಧ್ಯೆ ಎಲ್ಲೋ ಇದೆ.

ಅಂಗಡಿ ಪುಸ್ತಕದಲ್ಲಿ ದಾರಿ ಗೊತ್ತಾಗಬೇಕಾದರೆ ಪ್ರತಿ ಲಿಂಕಿನ ಬಾಲಕ್ಕೆ ಯುಟಿಎಂ ಗುರುತು ಹಾಕಿರಬೇಕು. ಮಾದರಿಯಲ್ಲಿ ಇದನ್ನೂ ತೋರಿಸಿ:

```
?utm_source=instagram&utm_medium=paid_social&utm_campaign=deepavali2025
```

ಇಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಒಂದು ಕಡೆ `instagram`, ಇನ್ನೊಂದು ಕಡೆ `Instagram` ಅಂತ ಹಾಕಿದರೆ ವರದಿಯಲ್ಲಿ ಎರಡು ಚಾನಲ್ ಆಗಿ ಒಡೆದುಕೊಳ್ಳುತ್ತದೆ.

ಹಂತ 5: ವಾಪಸಾದ ಪಾರ್ಸೆಲ್ ಕಳೆಯಿರಿ, ಆಮೇಲೆ ಲಾಭ ನೋಡಿ

ನಮ್ಮಲ್ಲಿ ಕ್ಯಾಶ್ ಆನ್ ಡೆಲಿವರಿ ಇರುವ ಯಾವ ವ್ಯಾಪಾರದಲ್ಲೂ ಎಲ್ಲ ಆರ್ಡರ್ ಮನೆ ಮುಟ್ಟುವುದಿಲ್ಲ. ಫೋನ್ ಎತ್ತುವುದಿಲ್ಲ, ಮನೆಗೆ ಬೀಗ, ಇಲ್ಲವೇ "ನಾನು ಆರ್ಡರ್ ಮಾಡೇ ಇಲ್ಲ". ಪಾರ್ಸೆಲ್ ಹೊರಟ ಕಡೆಗೇ ವಾಪಸ್ ಬರುತ್ತದೆ. ಕೊರಿಯರ್‌ನವರ ಭಾಷೆಯಲ್ಲಿ ಆರ್‌ಟಿಒ. 388ರಲ್ಲಿ 41 ಹೀಗೆ ವಾಪಸಾದವು ಅಥವಾ ರದ್ದಾದವು, ಮೌಲ್ಯ ₹43,870. ಉಳಿದದ್ದು 347 ಆರ್ಡರ್, ₹4,06,623. ರೋಆಸ್ 3.95ರಿಂದ 3.56ಕ್ಕೆ ಇಳಿಯಿತು.

ಎಣ್ಣೆ, ಬಾಟಲಿ, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದು ನೂರಕ್ಕೆ 35 ಉಳಿಯುತ್ತದೆ ಎಂದು ಹಿಡಿಯೋಣ. ₹4,06,623ರಲ್ಲಿ ಶೇ 35 ಅಂದರೆ ₹1,42,318. ಜಾಹೀರಾತಿನ ₹1,14,089 ಕಳೆದರೆ ಕೈಗೆ ಉಳಿದದ್ದು ₹28,229. ನಾಲ್ಕೂವರೆ ಲಕ್ಷದ ಮಾರಾಟ ಎಂದು ಶುರುವಾದ ಕಥೆ ಇಲ್ಲಿಗೆ ಬಂದು ನಿಲ್ಲುತ್ತದೆ.

ಈಗ ಇನ್‌ಸ್ಟಾಗ್ರಾಂ ಸಾಲನ್ನು ಹತ್ತಿರದಿಂದ ನೋಡಿ. ಸರಾಸರಿ ಆರ್ಡರ್ ₹1,047. ಅದರಲ್ಲಿ ಉಳಿಯುವುದು ₹366. ಆ ಆರ್ಡರ್ ತರಲು ಆದ ಖರ್ಚು ₹609. ಒಂದೊಂದು ಆರ್ಡರಿಗೂ ₹243 ಕೈ ಬಿಟ್ಟಿತು. ಹಾಗಾದರೆ ನಿಲ್ಲಿಸಬೇಕೇ? ಈ 95ರಲ್ಲಿ 83 ಜನ ಹೊಸಬರು. ಅವರು ವಾಟ್ಸಾಪ್ ಪಟ್ಟಿಗೆ ಬಂದು ಮತ್ತೊಮ್ಮೆ ಕೊಂಡರೆ, ಅಲ್ಲಿನ ಸರಾಸರಿ ಆರ್ಡರ್ ₹1,318ರಲ್ಲಿ ಉಳಿಯುವುದು ₹461, ಖರ್ಚು ₹43, ಕೈಗೆ ₹418. ಅಂದರೆ ನೂರು ಹೊಸಬರಲ್ಲಿ ಸುಮಾರು 58 ಜನ ಇನ್ನೊಂದು ಸಲ ಕೊಂಡರೆ ಮೊದಲ ನಷ್ಟ ಸರಿಹೋಗುತ್ತದೆ. ವಾಪಸಾತಿ ಸೇರಿಸದೆ ಹಿಡಿದ ಲೆಕ್ಕ ಇದು. ಸೇರಿಸಿದರೆ ಇನ್ನೂ ಜಾಸ್ತಿ ಜನ ಬೇಕು. ಅಡುಗೆ ಎಣ್ಣೆ ತಿಂಗಳು ತಿಂಗಳು ಖಾಲಿಯಾಗುವ ವಸ್ತು, ಆದ್ದರಿಂದ ಅಸಾಧ್ಯ ಅಲ್ಲ. ಸುಲಭವೂ ಅಲ್ಲ. ಮಾದರಿ ವರದಿಯಲ್ಲಿ ನಷ್ಟದ ಚಾನಲ್ ಒಂದಾದರೂ ಇರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಎಲ್ಲ ಚಾನಲ್‌ಗಳೂ ಲಾಭ ತೋರಿಸಿದರೆ ನೀವು ಯೋಚಿಸಿದ್ದೇನು ಎಂಬುದು ಎದುರಿನವರಿಗೆ ಕಾಣುವುದೇ ಇಲ್ಲ.

ಹಂತ 6: ಬಳಗ ಬೆಳೆದದ್ದು, ಬಿಟ್ಟು ಹೋದವರ ಸಮೇತ

ಫಾಲೋವರ್ಸ್ 8,240ರಿಂದ 8,985 ಆಯಿತು ಎಂದಷ್ಟೇ ಬರೆದರೆ ಅರ್ಧ ಸತ್ಯ. ಹೊಸದಾಗಿ ಬಂದವರು 1,036, ಬಿಟ್ಟವರು 291, ನಿವ್ವಳ 745. ಬೆಳವಣಿಗೆ ಶೇ 9. ವಾಟ್ಸಾಪ್ ಪಟ್ಟಿಯಲ್ಲಿ 1,130 ಇದ್ದರು, 214 ಸೇರಿದರು, 63 ಜನ ಬೇಡವೆಂದು ಹೊರಟರು, ಕೊನೆಗೆ 1,281. ಸೇರಿದವರ 214 ಎಂಬ ಅಂಕಿ ವಾಟ್ಸಾಪ್ ಬಿಟ್ಟು ಉಳಿದ ದಾರಿಗಳಿಂದ ಬಂದ 276 ಆರ್ಡರಿಗಿಂತ ಕಡಿಮೆ ಇದೆಯೇ ಎಂದು ನೋಡಿಕೊಳ್ಳಿ. ಆರ್ಡರ್ ಮಾಡುವಾಗ ಟಿಕ್ ಹಾಕಿದವರು ಮಾತ್ರ ಪಟ್ಟಿಗೆ ಬರುವುದಾದರೆ, ಆರ್ಡರಿಗಿಂತ ಜಾಸ್ತಿ ಜನ ಸೇರಲು ಆಗುವುದಿಲ್ಲ. ಮೊದಲ ಸಲ ಈ ಶೀಟ್ ಮಾಡಿದಾಗ ನಾನೇ 352 ಹಾಕಿ, ಆಮೇಲೆ ತಿದ್ದಿದೆ.

ವಾರದ ಆಕಾರವೂ ಕ್ಯಾಲೆಂಡರಿಗೆ ಹೊಂದಬೇಕು. ಆರ್ಡರ್‌ಗಳು ನಾಲ್ಕು ವಾರದಲ್ಲಿ 71, 98, 156, 63. ಮೊದಲ ವಾರ ಆಯುಧ ಪೂಜೆ, ವಿಜಯದಶಮಿ. ಜನ ಊರಿಗೆ ಹೋಗಿರುತ್ತಾರೆ. ಮೂರನೇ ವಾರ ದೀಪಾವಳಿಯ ಮುಂಚಿನದು, ಏರಿಕೆ. ನಾಲ್ಕನೇ ವಾರ ಅಕ್ಟೋಬರ್ 20ಕ್ಕೆ ನರಕ ಚತುರ್ದಶಿ, 22ಕ್ಕೆ ಬಲಿಪಾಡ್ಯಮಿ. ಹಬ್ಬ ಶುರುವಾದ ಮೇಲೆ ಹಬ್ಬಕ್ಕೆಂದು ಎಣ್ಣೆ ತರಿಸುವವರು ಯಾರು? ಫಾಲೋವರ್ಸ್ ಏರಿಕೆಯೂ ಹಾಗೆಯೇ: 121, 204, 338, 82. ಮೂರನೇ ವಾರದ 338ಕ್ಕೆ ಕ್ರಿಯೇಟರ್ ವಿಡಿಯೊ ಕಾರಣ ಎಂದು ಗ್ರಾಫ್ ಮೇಲೆಯೇ ಬರೆಯಿರಿ. ಪ್ರತಿ ವಾರ ಒಂದೇ ಸಮ ಶೇ 5 ಏರುವ ಗೆರೆ ಪಾಠದ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ರೀಚ್ ವಿಷಯದಲ್ಲಿ ಇನ್ನೊಂದು ಬಲೆ. ರೀಚ್ ಅಂದರೆ ಜಾಹೀರಾತು ಕಂಡ ಬೇರೆ ಬೇರೆ ಜನರ ಎಣಿಕೆ. ಇನ್‌ಸ್ಟಾ-ಫೇಸ್‌ಬುಕ್ ಜಾಹೀರಾತಿನ ವಾರದ ರೀಚ್ 61,400, 74,900, 88,300, 52,700. ಕೂಡಿಸಿದರೆ 2,77,300. ಆದರೆ ನಾಲ್ಕು ವಾರದ ರೀಚ್ 1,43,800 ಮಾತ್ರ. ಮೊದಲ ವಾರ ಕಂಡವರೇ ಎರಡನೇ ವಾರವೂ ಕಂಡಿದ್ದಾರೆ, ಅವರನ್ನು ಎರಡು ಸಲ ಎಣಿಸುವ ಹಾಗಿಲ್ಲ. ಸರಿ ಇದೆಯೇ ಎಂದು ನೋಡಲು, ಒಟ್ಟು ಕಾಣಿಸಿದ 4,12,640 ಸಲವನ್ನು 1,43,800ರಿಂದ ಭಾಗಿಸಿ: ತಲೆಗೆ 2.87 ಸಲ. ಇದು ಒಂದಕ್ಕಿಂತ ಕಡಿಮೆ ಬಂದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ.

ಗ್ರಾಫ್ ಬಿಡಿಸುವಾಗ ಕಂಬಗಳು ಸೊನ್ನೆಯಿಂದಲೇ ಏಳಲಿ. 8,000ದಿಂದ ಶುರು ಮಾಡಿದರೆ 8,240 ಗಿಡ್ಡ ಕಂಬ, 8,985 ಅದರ ನಾಲ್ಕು ಪಟ್ಟು ಎತ್ತರ. ಶೇ 9ರ ಬೆಳವಣಿಗೆ ನಾಲ್ಕು ಪಟ್ಟಾಗಿ ಕಾಣುತ್ತದೆ. ಏರಿಳಿತ ಕಾಣಬೇಕಾದರೆ ವಾರದ ನಿವ್ವಳವನ್ನು ಬೇರೆ ಗ್ರಾಫ್ ಮಾಡಿ.

ಹಂತ 7: ಎರಡು ಪುಟಕ್ಕೆ ಇಳಿಸಿ

ಮೊದಲ ಪುಟದಲ್ಲಿ ಬಜೆಟ್-ಖರ್ಚು, ಚಾನಲ್ ಪಟ್ಟಿ, ಮತ್ತು ಮುಂದಿನ ತಿಂಗಳು ಏನು ಬದಲಾಯಿಸುತ್ತೀರಿ ಎಂಬ ಮೂರು ಸಾಲು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಇನ್‌ಸ್ಟಾ ಬಜೆಟ್ ₹60,000ದಿಂದ ₹40,000ಕ್ಕೆ ಇಳಿಸಿ, 83 ಹೊಸಬರಲ್ಲಿ ಎಷ್ಟು ಜನ 60 ದಿನದಲ್ಲಿ ಮತ್ತೆ ಕೊಳ್ಳುತ್ತಾರೆ ಎಂದು ನೋಡುವುದು. ಗೂಗಲ್‌ನಲ್ಲಿ ಅಂಗಡಿ ಹೆಸರು ಹುಡುಕಿ ಬಂದ ಆರ್ಡರ್‌ಗಳನ್ನು ಬೇರೆ ಎಣಿಸುವುದು. ಕ್ರಿಯೇಟರ್‌ಗಳಲ್ಲಿ ಒಬ್ಬರನ್ನು ಮಾತ್ರ ಮುಂದುವರಿಸುವುದು." ಎರಡನೇ ಪುಟದಲ್ಲಿ ಬಳಗದ ಬೆಳವಣಿಗೆ, ಪ್ಲಾಟ್‌ಫಾರ್ಮ್-ಪುಸ್ತಕ ಅಂತರ, ಮತ್ತು ನೀವು ಇಟ್ಟುಕೊಂಡ ಊಹೆಗಳ ಪಟ್ಟಿ.

ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಕ್ಯಾಲ್ಕುಲೇಟರ್ ಹಿಡಿದು ಪ್ರತಿ ಸಾಲಿನ ಖರ್ಚನ್ನು ಆರ್ಡರ್‌ನಿಂದ ಭಾಗಿಸಿ, ಬರೆದದ್ದಕ್ಕೆ ಹೊಂದುತ್ತದೆಯೇ ನೋಡಿ. ಚಾನಲ್ ಆರ್ಡರ್‌ಗಳ ಮೊತ್ತವೂ ವಾರದ ಆರ್ಡರ್‌ಗಳ ಮೊತ್ತವೂ 388ಕ್ಕೇ ಬಂದು ನಿಲ್ಲಬೇಕು. ಒಂದು ಕಡೆ 388, ಇನ್ನೊಂದು ಕಡೆ 391 ಬಂದರೆ, ಎದುರಿನವರು ಬೇರೆ ಏನನ್ನೂ ಕೇಳುವುದಿಲ್ಲ, ಆ ಮೂರು ಆರ್ಡರ್ ಎಲ್ಲಿ ಹೋದವು ಅಂತಲೇ ಕೇಳುತ್ತಾರೆ.

ಶೀಟ್ ಲಿಂಕ್ ಕೊಡುವುದಾದರೆ ನೋಡಲು ಮಾತ್ರ ಅನುಮತಿ ಕೊಡಿ. ಹಳೇ ಕ್ಲೈಂಟ್‌ನ ಶೀಟ್ ನಕಲು ಮಾಡಿ ಅದರ ಮೇಲೆಯೇ ಇದನ್ನು ಕಟ್ಟಿದ್ದರೆ ಅದನ್ನಂತೂ ಕೊಡಲೇಬೇಡಿ. ಮರೆಮಾಡಿದ ಟ್ಯಾಬ್‌ಗಳು, ಕೋಶಕ್ಕೆ ಅಂಟಿಸಿದ ಕಾಮೆಂಟ್‌ಗಳು ನಕಲಿನಲ್ಲೂ ಉಳಿದಿರಬಹುದು. ಹೊಸ ಖಾಲಿ ಫೈಲ್ ತೆರೆದು ಶುರು ಮಾಡಿ, ಕೊನೆಗೆ ಪಿಡಿಎಫ್ ಕಳಿಸಿ.